ಸಂಬಳ, ಬೆಲೆ ಬೇಗ ಇಳಿಯಲ್ಲ ಅಂತ ಎಲ್ರೂ ಒಪ್ತಾರೆ, ಆದ್ರೆ ಚೇತರಿಕೆಗೆ ಎಷ್ಟು ದಿನ ಅನ್ನೋದ್ರಲ್ಲಿ ಯಾಕಿಷ್ಟು ಜಗಳ?

ಮುಂಜಾನೆಮಂಜು
ನಾನು ಓದಿದ್ದು ಕಾಮರ್ಸು, ಎಕನಾಮಿಕ್ಸ್ ಈಗ ಸ್ವಂತವಾಗಿ ಓದ್ತಾ ಇದೀನಿ. ಒಂದು ಕಡೆ ಸಿಕ್ಕಾಕ್ಕೊಂಡಿದೀನಿ, ತಿಳಿದವರು ಬಿಡಿಸಿ ಹೇಳಿ.

ರಿಸೆಷನ್ ಬಂತು, ಜನ ಖರ್ಚು ಕಮ್ಮಿ ಮಾಡಿದ್ರು ಅಂದ್ಕೊಳ್ಳಿ. ಬೆಲೆ, ಸಂಬಳ ಎರಡೂ ತಕ್ಷಣ ಅಷ್ಟೇ ಇಳಿದ್ರೆ ಮಾಲೂ ಖಾಲಿ ಆಗುತ್ತೆ, ಯಾರ ಕೆಲಸಾನೂ ಹೋಗಲ್ಲ. ಆದ್ರೆ ಅವು ಜಗ್ಗಲ್ಲ, ಅಂಟ್ಕೊಂಡು ಕೂರ್ತವೆ, ಅದಕ್ಕೇ ಕೆಲಸ ಹೋಗುತ್ತೆ. ಇಲ್ಲೀವರೆಗೂ ಅರ್ಥ ಆಯ್ತು. ಇದನ್ನ ಬೇಗ ಚೇತರಿಕೆ ಅನ್ನೋ ಅರ್ಥಶಾಸ್ತ್ರಜ್ಞರು, ನಿಧಾನ ಅನ್ನೋರು, ಎರಡೂ ಪಂಗಡದವರು ಹೆಚ್ಚುಕಮ್ಮಿ ಒಪ್ತಾರೆ ಅಂತಾನೂ ಓದಿದೆ. ಹಾಗಿದ್ಮೇಲೆ ಜಗಳ ಎಲ್ಲಿ? ಬೆಲೆ ಎಷ್ಟು ತಿಂಗಳಿಗೊಮ್ಮೆ ಬದಲಾಗುತ್ತೆ ಅಂತ ಅಳೆದ್ರೆ ಮುಗೀತಲ್ವಾ, ನಾಲ್ಕು ತಿಂಗಳು ಅಂದ್ರೆ ನಾಲ್ಕು ತಿಂಗಳಲ್ಲಿ ಮಾರ್ಕೆಟ್ ಸರಿ ಹೋಗುತ್ತೆ, ವರ್ಷ ಅಂದ್ರೆ ವರ್ಷ. ಒಬ್ರು ತಾನಾಗೇ ಬೇಗ ಸರಿಹೋಗುತ್ತೆ ಅಂತಾರೆ, ಇನ್ನೊಬ್ರು ಹತ್ತು ವರ್ಷ ಆದ್ರೂ ಆಗಬಹುದು ಅಂತಾರೆ. ಅಳೆಯೋಕೆ ಬರೋ ವಿಷಯದಲ್ಲಿ ಇಷ್ಟು ದೂರ ಯಾಕಿದಾರೆ?

ಗಟ್ಟಿಕಾಳು
ಜಗಳ ಏನೂ ಇಲ್ಲ ಮೇಡಂ, ಚರಿತ್ರೆ ನೋಡಿದ್ರೆ ಉತ್ತರ ಸಿಗುತ್ತೆ. 1920ರಲ್ಲಿ ಅಮೆರಿಕದಲ್ಲಿ ಭಾರಿ ಕುಸಿತ ಆಯ್ತು, ಸಗಟು ಬೆಲೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿತ್ತು, ಕೂಲಿನೂ ಇಳೀತು. ಸರ್ಕಾರ ದೊಡ್ಡದಾಗಿ ಏನೂ ಖರ್ಚು ಮಾಡ್ಲಿಲ್ಲ. 1920 ಜನವರಿಯಿಂದ 1921 ಜುಲೈವರೆಗೆ, ಅಂದ್ರೆ 18 ತಿಂಗಳಲ್ಲಿ ಕುಸಿತ ನಿಂತು 1922-23ರಲ್ಲಿ ಕಾರ್ಖಾನೆಗಳು ಪೂರ್ತಿ ಓಡ್ತಾ ಇದ್ವು. 1929ರಲ್ಲಿ ಏನಾಯ್ತು? ನವೆಂಬರ್‌ನಲ್ಲಿ ಅಧ್ಯಕ್ಷ ಹೂವರ್ ದೊಡ್ಡ ದೊಡ್ಡ ಉದ್ಯಮಿಗಳನ್ನ ಕರೆಸಿ ಕೂಲಿ ಇಳಿಸಬೇಡಿ ಅಂದ್ರು, ಅವ್ರೂ ಒಪ್ಕೊಂಡ್ರು, ಫೋರ್ಡ್ ಕಂಪನಿ ದಿನಗೂಲಿನ 7 ಡಾಲರ್‌ಗೆ ಏರಿಸಿಬಿಡ್ತು. ಬೆಲೆ ಬೀಳ್ತಾ ಇದ್ರೂ ಯು.ಎಸ್. ಸ್ಟೀಲ್ ಕೂಲಿ ಇಳಿಸಿದ್ದು 1931ರ ಕೊನೆಗೆ. ಅಷ್ಟೊತ್ತಿಗೆ ಕೆಲಸ ಹೋದವರು ಲಕ್ಷಾಂತರ. ಬೆಲೆ, ಕೂಲಿ ಇಳಿಯೋಕೆ ಬಿಟ್ಟಾಗ ಬೇಗ ಸರಿಹೋಯ್ತು, ತಡೆದಾಗ ಹೋಗ್ಲಿಲ್ಲ, ಇಷ್ಟೇ.

ಎರಡನೇಪಾಳಿ
ಅಂಟು ಗಿಂಟು ಏನಿಲ್ಲ, ಇದೆಲ್ಲ ದುರಾಸೆ. ನಾನಿದ್ದ ಕಾರ್ಖಾನೆಲಿ ಕಚ್ಚಾಮಾಲಿನ ರೇಟು ಇಳಿದು ಆರು ತಿಂಗಳಾದ್ರೂ ನಮ್ಮ ಮಾಲಿನ ರೇಟು ಇಳಿಸ್ಲಿಲ್ಲ. ಲಾಭ ಮಾಡ್ಕೊಂಡ್ರು. ನಮಗೆ ಮಾತ್ರ ಆರ್ಡರ್ ಇಲ್ಲ ಅಂತ ಎರಡನೇ ಶಿಫ್ಟ್ ನಿಲ್ಲಿಸಿದ್ರು. ನಮ್ಮನ್ನ ಒಂದು ಮಾತು ಕೇಳಿದ್ರೆ ಸ್ವಲ್ಪ ಕಮ್ಮಿಗೇ ಕೆಲಸ ಮಾಡ್ತಿದ್ವಿ, ಮನೆಗೆ ಕಳಿಸೋದಕ್ಕಿಂತ ಅದೇ ವಾಸಿ ಇತ್ತು. ಯಾರೂ ಕೇಳ್ಲಿಲ್ಲ.

ಹಳೆಲೆಕ್ಕ
ಮುಂಜಾನೆಮಂಜು ಅವರೇ, ಒಳ್ಳೇ ಪ್ರಶ್ನೆ, ರಾತ್ರಿ ಕೂತು ಲೆಕ್ಕ ಸಮೇತ ಬರೀತೀನಿ. ಅದಕ್ಕೆ ಮುಂಚೆ ಗಟ್ಟಿಕಾಳು ಅವರಿಗೆ ಎರಡು ಮಾತು.

1920ರ ಕಥೆ ನೀವು ಹೇಳಿದ್ದು ಅರ್ಧ. ಆ ಕುಸಿತಕ್ಕೆ ದೊಡ್ಡ ಕಾರಣವೇ ಬಡ್ಡಿ, ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕು 1920 ಜೂನ್‌ನಲ್ಲಿ ತನ್ನ ದರವನ್ನ ಶೇ. 7ಕ್ಕೆ ಏರಿಸಿತ್ತು. 1921ರ ಮೇ ತಿಂಗಳಿಂದ ಇಳಿಸ್ತಾ ಬಂದು ನವೆಂಬರ್ ಹೊತ್ತಿಗೆ ಶೇ. 4.5ಕ್ಕೆ ತಂತು. ಹಾಗಾಗಿ ಬರೀ ಕೂಲಿ ಇಳಿದಿದ್ದಕ್ಕೇ ಚೇತರಿಸಿತು ಅನ್ನೋಕಾಗಲ್ಲ, ಕತ್ತು ಹಿಸುಕಿದ ಕೈಯೇ ಸಡಿಲ ಆಗಿತ್ತು. ಇನ್ನೊಂದು, ಅದೇ ಹೊತ್ತಲ್ಲಿ ಬ್ರಿಟನ್ ನೋಡಿ. ಅಲ್ಲಿ ಎಷ್ಟೋ ಕೂಲಿ ಒಪ್ಪಂದಗಳು ಜೀವನವೆಚ್ಚಕ್ಕೆ ಕಟ್ಟಿದ್ದಂಥವು, ಬೆಲೆ ಬಿದ್ದ ಹಾಗೆ ಕೂಲಿನೂ ತಾನಾಗೇ ಬೀಳ್ತಿತ್ತು. ಎರಡು ವರ್ಷ ಚಿಲ್ಲರೆಯಲ್ಲಿ ಕೂಲಿ ಸುಮಾರು ಮೂರನೇ ಒಂದು ಭಾಗ ಇಳೀತು. ಇಷ್ಟು ಜಗ್ಗಿದ ಮೇಲೂ ಆ ಇಡೀ ದಶಕ ನಿರುದ್ಯೋಗ ಹೆಚ್ಚುಕಮ್ಮಿ ಶೇ. 10ರ ಆಸುಪಾಸಲ್ಲೇ ನಿಂತಿತು. ನಿಮ್ಮ ಸೂತ್ರ ಅಲ್ಲಿ ಯಾಕೆ ಫಲಿಸಲಿಲ್ಲ?

ಗಟ್ಟಿಕಾಳು
ಬಡ್ಡಿ ವಿಷಯ ಒಪ್ತೀನಿ ಸರ್, ಅದನ್ನ ಬಿಟ್ಟು ಹೇಳಿದ್ದು ನನ್ನ ತಪ್ಪು. ಆದ್ರೆ ಬ್ರಿಟನ್ ಉದಾಹರಣೇಲಿ ನೀವೂ ಒಂದನ್ನ ಬಿಟ್ಟಿದೀರ. 1919ರಲ್ಲಿ ಅಲ್ಲಿ ವಾರದ ಕೆಲಸವನ್ನ 54 ಗಂಟೆ ಆಸುಪಾಸಿಂದ 47-48ಕ್ಕೆ ಇಳಿಸಿದ್ರು, ವಾರದ ಕೂಲಿ ಮಾತ್ರ ಹಾಗೇ ಉಳೀತು. ಅಂದ್ರೆ ಗಂಟೆ ಲೆಕ್ಕದಲ್ಲಿ ಕೂಲಿ ಮೊದಲೇ ಏರಿ ಕೂತಿತ್ತು. ಆಮೇಲೆ ಇಳಿದಿದ್ದು ಆ ಏರಿಕೆನ ಪೂರ್ತಿ ಸರಿ ಮಾಡ್ಲಿಲ್ಲ. ಅದೂ ಕೂಲಿ ಜಗ್ಗದೇ ಇದ್ದ ಕಥೆನೇ ಅಲ್ವಾ?

ಹಳೆಲೆಕ್ಕ
ಇರಬಹುದು, ಆ ವಾದಕ್ಕೆ ತೂಕ ಇದೆ. ಅದೊಂದೇ ಕಾರಣ ಅಂತ ನಾನು ಒಪ್ಪಲ್ಲ, ಬ್ರಿಟನ್ನು ಪೌಂಡನ್ನ ಮೊದಲ ಮಹಾಯುದ್ಧಕ್ಕೆ ಮುಂಚಿನ ಬೆಲೆಗೆ ಎಳೀಬೇಕು ಅಂತ ಹಣ ಬಿಗಿ ಹಿಡಿದಿತ್ತು. ಅದಕ್ಕೆ ಆಮೇಲೆ ಬರ್ತೀನಿ.

ಈಗ ಮೂಲ ಪ್ರಶ್ನೆ. "ವರ್ಷಕ್ಕೊಮ್ಮೆ ಬದಲಾಗುತ್ತೆ ಅಂದ್ರೆ ವರ್ಷದಲ್ಲಿ ಸರಿಹೋಗುತ್ತೆ" ಅಂದ್ರಲ್ಲ, ಜಗಳ ಇರೋದೇ ಅಲ್ಲಿ. ಅದು ನಿಜ ಆಗಬೇಕು ಅಂದ್ರೆ ಎಲ್ಲರೂ ಒಂದೇ ದಿನ ಬದಲಾಯಿಸಬೇಕು, ಇಲ್ಲಾ ಪ್ರತಿಯೊಬ್ಬರೂ ಅಕ್ಕಪಕ್ಕ ನೋಡದೆ ಬದಲಾಯಿಸಬೇಕು. ಎರಡೂ ನಡೆಯಲ್ಲ. 1980ರ ಹೊತ್ತಿಗೆ ಅರ್ಥಶಾಸ್ತ್ರಜ್ಞ ಜಾನ್ ಟೇಲರ್ ಇದನ್ನ ಲೆಕ್ಕ ಮಾಡಿ ತೋರಿಸಿದ್ರು. ನಾನು ಅದನ್ನ ತೀರಾ ಸರಳ ಮಾಡಿ ಹಾಕ್ತೀನಿ, ಪೆನ್ನು ಹಿಡ್ಕೊಳ್ಳಿ.

ನಾಲ್ಕು ಗುಂಪು ಕೆಲಸಗಾರರು, ಎಲ್ಲರ ಸಂಬಳ 100. ಪ್ರತಿ ಗುಂಪಿನ ಒಪ್ಪಂದ ವರ್ಷಕ್ಕೊಮ್ಮೆ, ಆದ್ರೆ ಒಂದೊಂದು ಗುಂಪಿಗೆ ಒಂದೊಂದು ತ್ರೈಮಾಸಿಕದಲ್ಲಿ ಬರುತ್ತೆ. ಬೇಡಿಕೆ ಬಿತ್ತು, ಎಲ್ಲರೂ ಕೆಲಸದಲ್ಲಿ ಉಳೀಬೇಕಾದ್ರೆ ಸಂಬಳ 90 ಆಗಬೇಕು. ಮೊದಲ ಗುಂಪು ಮಾತುಕತೆಗೆ ಕೂತಾಗ ಉಳಿದ ಮೂರು ಗುಂಪು ಇನ್ನೂ 100ರಲ್ಲೇ ಇವೆ. ನಾವೊಬ್ರೇ ಯಾಕೆ 90 ತಗೋಬೇಕು ಅಂತ ಅವರು ಕೇಳೇ ಕೇಳ್ತಾರೆ. ಹಾಗಾಗಿ ಅರ್ಧ ಪರಿಸ್ಥಿತಿ ನೋಡಿ, ಅರ್ಧ ಪಕ್ಕದವರನ್ನ ನೋಡಿ 95ಕ್ಕೆ ಒಪ್ತಾರೆ ಅಂದ್ಕೊಳ್ಳಿ. ಎರಡನೇ ಗುಂಪಿನ ಸರದಿ ಬಂದಾಗ ಪಕ್ಕದವರ ಸರಾಸರಿ 98 ಚಿಲ್ಲರೆ, ಅವರು 94ರ ಹತ್ತಿರ ನಿಲ್ತಾರೆ. ಮೂರನೆಯವರು 93, ನಾಲ್ಕನೆಯವರು 92. ವರ್ಷ ಮುಗೀತು, ಪ್ರತಿಯೊಬ್ಬರ ಸಂಬಳವೂ ಒಂದು ಸಲ ಬದಲಾಯ್ತು, ಆದ್ರೂ ಸರಾಸರಿ 93.6. ಹತ್ತು ಇಳೀಬೇಕಿತ್ತು, ಆರು ಚಿಲ್ಲರೆ ಇಳಿದಿದೆ. ಎರಡನೇ ವರ್ಷದ ಕೊನೆಗೂ 91. ಆ ಉಳಿದಿದ್ದಷ್ಟಕ್ಕೂ ಯಾರದೋ ಕೆಲಸ ಹೋಗಿರುತ್ತೆ.

ಮುಂಜಾನೆಮಂಜು
ಸರ್, ಕೂತು ಮಾಡಿದೆ, ಸರಿಯಾಗಿ ಬಂತು. ಆಮೇಲೆ ಒಂದು ಕೆಲಸ ಮಾಡಿದೆ, ನೀವು ಅರ್ಧ ಅರ್ಧ ಅಂದ್ರಲ್ಲ, ಅದನ್ನ ಬದಲಾಯಿಸಿ ಪಕ್ಕದವರಿಗೆ ಹತ್ತರಲ್ಲಿ ಎಂಟು ಪಾಲು, ಪರಿಸ್ಥಿತಿಗೆ ಎರಡು ಪಾಲು ಅಂತ ಹಾಕಿದೆ. ವರ್ಷದ ಕೊನೆಗೆ ಸರಾಸರಿ 97 ಬಂತು! ಬರೀ ಮೂರು ಇಳಿದಿದ್ದು. ಪಕ್ಕದವರನ್ನ ನೋಡೋದೇ ಇಲ್ಲ ಅಂತ ಹಾಕಿದ್ರೆ ವರ್ಷಕ್ಕೆ ಸರಿಯಾಗಿ 90. ಮೂರರಲ್ಲೂ ಸಂಬಳ ಬದಲಾಗಿದ್ದು ವರ್ಷಕ್ಕೊಂದೇ ಸಲ. ಅಂದ್ರೆ ಎಷ್ಟು ಸಲ ಬದಲಾಗುತ್ತೆ ಅಂತ ಎಣಿಸಿದ್ರೆ ಏನೂ ಗೊತ್ತಾಗಲ್ಲ, ಅಲ್ವಾ? ಆ ಪಾಲು ಎಷ್ಟು ಅನ್ನೋದು ಯಾರು ಅಳೀತಾರೆ?

ಹಳೆಲೆಕ್ಕ
ಸರಿಯಾದ ಜಾಗಕ್ಕೆ ಬಂದ್ರಿ. ಆ ಪಾಲನ್ನ ನೇರವಾಗಿ ಅಳೆಯೋಕೆ ಯಾವ ತಕ್ಕಡಿನೂ ಇಲ್ಲ. ಬೆಲೆ ಬದಲಾದ ದಿನಾಂಕ ದಾಖಲೆಯಲ್ಲಿ ಸಿಗುತ್ತೆ, ಬದಲಾಯಿಸಿದವರು ಯಾರನ್ನ ನೋಡಿ ಬದಲಾಯಿಸಿದ್ರು ಅನ್ನೋದು ಸಿಗಲ್ಲ. ಹಾಗಾಗಿ ಒಬ್ಬ ಅರ್ಥಶಾಸ್ತ್ರಜ್ಞ ಸಣ್ಣ ಪಾಲು ಇಟ್ಟು ಬೇಗ ಚೇತರಿಕೆ ಅಂತಾನೆ, ಇನ್ನೊಬ್ಬ ದೊಡ್ಡ ಪಾಲು ಇಟ್ಟು ನಿಧಾನ ಅಂತಾನೆ, ಇಬ್ಬರ ಕೈಲೂ ಅದೇ ಅಂಕಿಅಂಶ ಇರುತ್ತೆ.

ಎರಡನೇಪಾಳಿ ಅವರೇ, ನಿಮ್ಮ ಕಾರ್ಖಾನೆ ಮಾಲೀಕರ ಮನಸ್ಸಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಆದ್ರೆ ಲಾಭದಾಸೆ ಒಳ್ಳೇ ಕಾಲದಲ್ಲೂ ಇರುತ್ತೆ, ಕೆಟ್ಟ ಕಾಲದಲ್ಲೂ ಇರುತ್ತೆ, ಬರೀ ಅದರಿಂದ ಯಾವಾಗ ಬೆಲೆ ನಿಲ್ಲುತ್ತೆ ಯಾವಾಗ ಇಳಿಯುತ್ತೆ ಅಂತ ಹೇಳೋಕಾಗಲ್ಲ. ನಿಮ್ಮ ಮಾತಲ್ಲಿ ನನಗೆ ತಟ್ಟಿದ್ದು ಕೊನೇ ಸಾಲು, ಕಮ್ಮಿಗೆ ಮಾಡೋಕೆ ರೆಡಿ ಇದ್ರೂ ಯಾರೂ ಕೇಳ್ಲಿಲ್ಲ ಅಂದ್ರಲ್ಲ ಅದು. ಇದು ಈ ವಿಷಯದ ದೊಡ್ಡ ಒಗಟು.

ನೆರಳುಮರ
ಅದಕ್ಕೆ ನಾನು ಉತ್ತರ ಹೇಳಬಲ್ಲೆ ಅನ್ಸುತ್ತೆ, ಯಾಕಂದ್ರೆ ಕೇಳದೇ ಇದ್ದವರಲ್ಲಿ ನಾನೂ ಒಬ್ಬಳು. ಹನ್ನೊಂದು ವರ್ಷ ಎಚ್‌ಆರ್‌ನಲ್ಲಿದ್ದೆ, ಕಂಪನಿ ಹೆಸರು ಬೇಡ. ಒಂದು ಸಲ ವ್ಯವಹಾರ ತುಂಬಾ ಕುಸಿದಾಗ ನಮ್ಮ ಮುಂದೆ ಎರಡೇ ದಾರಿ ಇತ್ತು, ಎಲ್ಲರ ಸಂಬಳ ಶೇ. 10 ಇಳಿಸೋದು ಅಥವಾ ಹತ್ತರಲ್ಲಿ ಒಬ್ಬರನ್ನ ತೆಗೆಯೋದು. ಸಂಬಳದ ಬಿಲ್ಲಿನ ಲೆಕ್ಕಕ್ಕೆ ಎರಡೂ ಒಂದೇ. ಮೀಟಿಂಗ್‌ನಲ್ಲಿ ಒಂದು ಗಂಟೆ ಕೂಡ ಚರ್ಚೆ ಆಗ್ಲಿಲ್ಲ, ತೆಗೆಯೋದೇ ಅಂತ ಆಯ್ತು. ಕಾರಣ ಏನಂದ್ರೆ, ತೆಗೆದವರು ಸಿಟ್ಟು ದುಃಖ ಎಲ್ಲ ತಗೊಂಡು ಗೇಟಿಂದ ಹೊರಗೆ ಹೋಗ್ತಾರೆ, ಸಂಬಳ ಇಳಿಸಿದವರು ಅದನ್ನ ಒಳಗೇ ಇಟ್ಕೊಂಡು ದಿನಾ ಬರ್ತಾರೆ. ಜತೆಗೆ ಎಲ್ಲರಿಗೂ ಇಳಿಸಿದ್ರೆ ಮೊದಲು ಬಿಟ್ಟು ಹೋಗೋದು ಬೇರೆ ಕಡೆ ಕೆಲಸ ಸಿಗೋವಂಥ ಒಳ್ಳೇ ಕೆಲಸಗಾರರೇ, ತೆಗೆಯೋದಾದ್ರೆ ಯಾರು ಹೋಗಬೇಕು ಅಂತ ನಾವೇ ಆರಿಸಬಹುದು. ನಾನು ಅವತ್ತು ಎರಡನೇ ಮಾತು ಆಡದೆ ಸಹಿ ಹಾಕಿದೆ, ಅದು ಇವತ್ತಿಗೂ ಮನಸ್ಸಲ್ಲಿ ಕೊರೆಯುತ್ತೆ. ಎರಡನೇಪಾಳಿ ಅವರ ಥರ ಎಷ್ಟು ಜನ ಇಳಿಸ್ಕೊಳ್ಳೋಕೆ ರೆಡಿ ಇದ್ರೋ ನಾವು ಕೇಳೇ ಇಲ್ಲ.

ಹಳೆಲೆಕ್ಕ
ಮೇಡಂ, ನೀವು ಹೇಳಿದ್ದನ್ನೇ ಯೇಲ್ ವಿಶ್ವವಿದ್ಯಾಲಯದ ಟ್ರೂಮನ್ ಬ್ಯೂಲಿ ಕೇಳಿಸ್ಕೊಂಡಿದ್ದು. 1990ರ ದಶಕದ ಶುರುವಿನ ರಿಸೆಷನ್ ಹೊತ್ತಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಮ್ಯಾನೇಜರು, ಯೂನಿಯನ್ ಮುಖಂಡರು, ಕೆಲಸ ಕೊಡಿಸೋರು ಹೀಗೆ 300ಕ್ಕೂ ಹೆಚ್ಚು ಜನರ ಹತ್ರ ಹೋಗಿ ಕೂತು ಸಂಬಳ ಯಾಕೆ ಇಳಿಸಲ್ಲ ಅಂತ ಕೇಳಿದ್ರು. ಉತ್ತರದಲ್ಲಿ ಮತ್ತೆ ಮತ್ತೆ ಬಂದಿದ್ದು ಕೆಲಸಗಾರರ ಮನಸ್ಥೈರ್ಯ. ಪುಸ್ತಕದ ಸಿದ್ಧಾಂತಗಳಲ್ಲಿ ಹೇಳೋ ಎಷ್ಟೋ ಕಾರಣಗಳನ್ನ ಆ ಮ್ಯಾನೇಜರುಗಳು ತಲೆ ಆಡಿಸಿ ಬೇಡ ಅಂದ್ರು.

ಸಂಖ್ಯೆನೂ ಇದಕ್ಕೆ ಹೊಂದುತ್ತೆ. ಜನರನ್ನ ಕೇಳಿ ಬರ್ಕೊಂಡ ಹಳೇ ಸಮೀಕ್ಷೆಗಳಲ್ಲಿ ಸಂಬಳ ಇಳಿದವರು ತುಂಬಾ ಜನ ಕಾಣ್ತಿದ್ರು, ಅದರಲ್ಲಿ ಬಹುಪಾಲು ಜನ ತಮ್ಮ ಸಂಬಳ ಸರಿಯಾಗಿ ನೆನಪಿಲ್ಲದೆ ಹೇಳಿದ ತಪ್ಪು. 2021ರಲ್ಲಿ ಬಂದ ಒಂದು ಅಧ್ಯಯನ ಅಮೆರಿಕದ ಪೇರೋಲ್ ದಾಖಲೆಗಳನ್ನೇ ನೋಡಿತು, ಅದೇ ಕೆಲಸದಲ್ಲಿ ಮುಂದುವರಿದವರಲ್ಲಿ ಮೂಲ ಸಂಬಳ ಇಳಿದವರು ವರ್ಷಕ್ಕೆ ಸುಮಾರು ಶೇ. 2 ಮಾತ್ರ.

ಗಟ್ಟಿಕಾಳು
ಇಲ್ಲಿ ನಾನು ಅಡ್ಡ ಬರ್ತೀನಿ ಸರ್. ಅದೇ ಕೆಲಸದಲ್ಲಿ ಮುಂದುವರಿದವರು ಅಂದ್ರಲ್ಲ, ಅವರ ಸಂಬಳ ಇಟ್ಕೊಂಡು ಚೇತರಿಕೆ ವಿಷಯ ಮಾತಾಡೋದು ತಪ್ಪು. ಚೇತರಿಕೆ ಅಂದ್ರೆ ಹೊಸಬರನ್ನ ತಗೊಳ್ಳೋದು. ಕಂಪನಿ ಹೊಸಬನನ್ನ ತಗೊಳ್ಳೋವಾಗ ಅವನಿಗೆ ಎಷ್ಟು ಕೊಡಬೇಕಾಗುತ್ತೆ ಅನ್ನೋದನ್ನ ನೋಡುತ್ತೆ, ಒಳಗಿರೋ ಹಳಬನಿಗೆ ಎಷ್ಟು ಕೊಡ್ತಿದೆ ಅನ್ನೋದು ಆ ತೀರ್ಮಾನಕ್ಕೆ ಬರಲ್ಲ. ಕ್ರಿಸ್ಟಫರ್ ಪಿಸ್ಸಾರಿಡಿಸ್ 2009ರಲ್ಲಿ ಇದನ್ನೇ ಹೇಳಿದ್ದು, ಹೊಸದಾಗಿ ಸೇರೋರ ಸಂಬಳ ರಿಸೆಷನ್‌ನಲ್ಲಿ ಚೆನ್ನಾಗೇ ಇಳಿಯುತ್ತೆ ಅಂತ. ಆಮೇಲೆ ಅವರಿಗೆ ನೊಬೆಲ್ಲೂ ಬಂತು. ನನ್ನದೇ ಹೇಳ್ತೀನಿ, ಕೆಲಸ ಹೋಗಿ ಏಳು ತಿಂಗಳು ಕೂತು ಮತ್ತೆ ಸೇರಿದಾಗ ಮುಂಚಿಗಿಂತ ಕಾಲುಭಾಗ ಕಮ್ಮಿಗೆ ಸೇರಿದೆ. ನನ್ನ ಸಂಬಳ ಎಲ್ಲಿ ಅಂಟಿತ್ತು?

ಹಳೆಲೆಕ್ಕ
ಈ ವಾದ ಗಟ್ಟಿ, ತಳ್ಳಿ ಹಾಕಲ್ಲ. ಬೇಗ ಚೇತರಿಸುತ್ತೆ ಅನ್ನೋರ ಕೈಲಿರೋ ಒಳ್ಳೇ ಅಸ್ತ್ರ ಇದೇ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ, ಮತ್ತೆ ಸೇರಿದ ಕೆಲಸ ಮುಂಚಿನ ಥರದ್ದೇ ಹುದ್ದೆನಾ?

ಗಟ್ಟಿಕಾಳು
ಅಲ್ಲ. ಮುಂಚೆ ಟೀಮ್ ನೋಡ್ಕೋತಿದ್ದೆ. ಈಗ ಒಂದು ಮೆಟ್ಟಿಲು ಕೆಳಗಿನ ಕೆಲಸ, ಸಣ್ಣ ಕಂಪನಿ.

ಹಳೆಲೆಕ್ಕ
ಅದೇ ನೋಡಿ. ನಿಮ್ಮ ಸಂಬಳ ಇಳಿದಿದ್ದು ನಿಜ, ಆದ್ರೆ ಆ ಕುರ್ಚಿಯ ಸಂಬಳ ಇಳಿದಿದೆಯಾ ಅಂದ್ರೆ ಗೊತ್ತಿಲ್ಲ. ನೀವು ಒಳ್ಳೇ ಕುರ್ಚಿಯಿಂದ ಸಾಧಾರಣ ಕುರ್ಚಿಗೆ ಬಂದ್ರಿ, ಆ ಸಾಧಾರಣ ಕುರ್ಚಿಗೆ ಮುಂಚೆನೂ ಅಷ್ಟೇ ಕೊಡ್ತಿದ್ರೋ ಏನೋ. ಕೆಟ್ಟ ಕಾಲದಲ್ಲಿ ಕೆಲಸ ಕಳಕೊಂಡವರು ಹೀಗೆ ಕೆಳಗಿನ ಕೆಲಸಕ್ಕೆ ಇಳಿಯೋದೇ ಹೆಚ್ಚು. ಅದನ್ನ ಸರಾಸರಿ ಹಾಕಿದ್ರೆ ಹೊಸಬರ ಸಂಬಳ ಚೆನ್ನಾಗಿ ಜಗ್ಗುತ್ತೆ ಅಂತ ಕಾಣುತ್ತೆ. ಮಾರ್ಕ್ ಗರ್ಟ್ಲರ್ ಮತ್ತು ಜತೆಯವರು 2020ರಲ್ಲಿ ಈ ಭಾಗನ ಬೇರೆ ಮಾಡಿ ನೋಡಿದಾಗ, ನಿರುದ್ಯೋಗದಿಂದ ಬಂದ ಹೊಸಬರ ಸಂಬಳಾನೂ ಹಳಬರದ್ದಕ್ಕಿಂತ ಹೆಚ್ಚೇನೂ ಜಗ್ಗಲ್ಲ ಅಂತ ಕಂಡಿತು. ಇದು ಕೊನೇ ಮಾತೇನಲ್ಲ, ಒಂದೇ ಕುರ್ಚಿನ ಒಳ್ಳೇ ಕಾಲದಲ್ಲೂ ಕೆಟ್ಟ ಕಾಲದಲ್ಲೂ ಹಿಂಬಾಲಿಸೋಕೆ ಬೇಕಾದ ದಾಖಲೆ ಸಿಗೋದೇ ಕಷ್ಟ.

ಗಟ್ಟಿಕಾಳು
ಒಪ್ತೀನಿ ಅನ್ನಲ್ಲ, ಯೋಚಿಸ್ತೀನಿ. ಯಾಕಂದ್ರೆ ನನ್ನಂಥವನು ಕಮ್ಮಿಗೆ ಸಿಕ್ಕಾಗ ಆ ಸಣ್ಣ ಕಂಪನಿಗೆ ಅಷ್ಟೇ ದುಡ್ಡಿಗೆ ಹೆಚ್ಚು ಅನುಭವ ಇರೋನು ಸಿಕ್ಕಿದ ಹಾಗಾಯ್ತು. ಅವರ ಕಡೆಯಿಂದ ನೋಡಿದ್ರೆ ಅದೂ ಸಂಬಳ ಇಳಿದ ಹಾಗೇ ತಾನೇ?

ತೂಕದಕಲ್ಲು
ನಾನು ದರಪಟ್ಟಿ ಮಾಡೋ ಕೆಲಸದಲ್ಲಿರೋನು, ಬೆಲೆ ಬಗ್ಗೆ ಯಾರೂ ಜಾಸ್ತಿ ಹೇಳ್ಲಿಲ್ಲ, ಅದಕ್ಕೇ ಬರ್ದೆ. ಮುಂಜಾನೆಮಂಜು ಅವರು ಶುರುವಲ್ಲಿ ನಾಲ್ಕು ತಿಂಗಳು ಅಂದಿದ್ದು ಸುಮ್ನೆ ಬಂದ ಸಂಖ್ಯೆ ಅಲ್ಲ ಅನ್ಸುತ್ತೆ, ಮಾರ್ಕ್ ಬಿಲ್ಸ್ ಮತ್ತು ಪೀಟರ್ ಕ್ಲೆನೌ 2004ರಲ್ಲಿ ಅಮೆರಿಕದ ಸರ್ಕಾರಿ ಬೆಲೆ ದಾಖಲೆ ನೋಡಿ ಅರ್ಧದಷ್ಟು ಬೆಲೆಗಳು 4.3 ತಿಂಗಳಿಗಿಂತ ಕಮ್ಮಿ ಬಾಳ್ತವೆ ಅಂದ್ರು. ಅಷ್ಟು ಬೇಗ ಬದಲಾದ್ರೆ ಅಂಟು ಎಲ್ಲಿದೆ ಅಂತ ಆಗ ದೊಡ್ಡ ಗದ್ದಲ. 2008ರಲ್ಲಿ ಎಮಿ ನಕಮುರಾ, ಯೋನ್ ಸ್ಟೈನ್‌ಸನ್ ಅದೇ ಥರದ ದಾಖಲೆಯಲ್ಲಿ ಡಿಸ್ಕೌಂಟ್ ಸೇಲ್‌ಗಳನ್ನ ಪಕ್ಕಕ್ಕಿಟ್ಟು ಎಣಿಸಿದ್ರು, 8ರಿಂದ 11 ತಿಂಗಳು ಬಂತು. ದಾಖಲೆ ಅದೇ, ಉತ್ತರ ಎರಡು ಪಟ್ಟು.

ಕೆಲಸದಲ್ಲಿ ನಾನು ನೋಡೋದು ಏನಂದ್ರೆ, ಸೇಲ್ ರೇಟನ್ನ ವರ್ಷದ ಶುರುವಲ್ಲೇ ಕ್ಯಾಲೆಂಡರ್ ಇಟ್ಕೊಂಡು ನಿಗದಿ ಮಾಡಿರ್ತೀವಿ, ಎರಡು ವಾರ ಇಳಿಸೋದು, ಆಮೇಲೆ ಅದೇ ಹಳೇ ರೇಟಿಗೆ ವಾಪಸ್. ಅದು ಮಾರ್ಕೆಟ್ ಬಿದ್ದಿದೆ ಅಂತ ಕೊಟ್ಟ ಪ್ರತಿಕ್ರಿಯೆ ಅಲ್ಲವೇ ಅಲ್ಲ. ಮೂಲ ರೇಟು ಬದಲಾಯಿಸಬೇಕು ಅಂದ್ರೆ ಮಾತ್ರ ಪ್ರತಿಸ್ಪರ್ಧಿ ರೇಟು ಎಷ್ಟು ಅಂತ ನೋಡ್ತೀವಿ, ಅವರು ಇಳಿಸಿಲ್ಲ ಅಂದ್ರೆ ನಾವೂ ಕಾಯ್ತೀವಿ. ಹಳೆಲೆಕ್ಕ ಸರ್ ಹೇಳಿದ ಪಾಲು ನಮ್ಮ ಆಫೀಸಲ್ಲಿ ದಿನಾ ಕಾಣುತ್ತೆ. ಒಂದು ಮಾತ್ರ ಆ ಕಡೆಗೂ ಹೇಳಬೇಕು, ನಾವು ಮೊದಲು ಬದಲಾಯಿಸೋದು ತೀರಾ ತಪ್ಪಿ ಹೋಗಿರೋ ರೇಟುಗಳನ್ನೇ. ನೂರರಲ್ಲಿ ಹತ್ತೇ ಬದಲಾದ್ರೂ ಆ ಹತ್ತು ಅಂದ್ರೆ ಹೆಚ್ಚು ಹೊರೆ ಇದ್ದ ಹತ್ತು. ಹಾಗಾಗಿ ಬರೀ ಎಣಿಕೆ ನೋಡಿದ್ರೆ ಕಾಣೋದಕ್ಕಿಂತ ಬೇಗ ಸರಿಹೋಗಲೂಬಹುದು. ಬೆಲೆಯಲ್ಲಿ ಯಾವುದು ಗೆಲ್ಲುತ್ತೆ ಅಂತ ನನಗೆ ಖಚಿತ ಇಲ್ಲ.

ಎರಡನೇಪಾಳಿ
ನೆರಳುಮರ ಮೇಡಂ ಬರ್ದಿದ್ದು ಎರಡು ಸಲ ಓದಿದೆ. ಸಿಟ್ಟು ಬಂತು, ಆಮೇಲೆ ಸ್ವಲ್ಪ ಅರ್ಥಾನೂ ಆಯ್ತು. ಒಂದು ವಿಷಯ ನಾನೂ ಒಪ್ಕೋಬೇಕು. ಕಮ್ಮಿಗೆ ಮಾಡ್ತಿದ್ದೆ ಅಂದೆ, ಆದ್ರೆ ಆಗ ನನ್ನ ಮೇಲೆ ಸಾಲ ಇತ್ತು. ಕಂತು ಕಮ್ಮಿ ಮಾಡಿ ಅಂದ್ರೆ ಬ್ಯಾಂಕಿನವರು ಕೇಳ್ತಿರ್ಲಿಲ್ಲ. ಸಂಬಳ ಇಳಿದಿದ್ರೂ ಬದುಕು ಇಳಿಸ್ಕೊಂಡೇ ಇರಬೇಕಿತ್ತು.

ಹಳೆಲೆಕ್ಕ
ಇಡೀ ಚರ್ಚೆಲಿ ಬಂದಿದ್ದರಲ್ಲಿ ಇದು ತುಂಬಾ ಮುಖ್ಯ ಮಾತು, ಗಟ್ಟಿಕಾಳು ಅವರೂ ಗಮನ ಕೊಡಿ. ನಾವೆಲ್ಲ ಇಲ್ಲೀವರೆಗೆ ಸಂಬಳ ಬೆಲೆ ಬೇಗ ಇಳಿದ್ರೆ ಒಳ್ಳೇದು, ಎಷ್ಟು ಬೇಗ ಇಳಿಯುತ್ತೆ ಅನ್ನೋದೇ ಪ್ರಶ್ನೆ ಅಂದ್ಕೊಂಡು ಮಾತಾಡಿದ್ವಿ. ಇರ್ವಿಂಗ್ ಫಿಶರ್ 1933ರಲ್ಲಿ ಅದನ್ನೇ ಪ್ರಶ್ನೆ ಮಾಡಿದ್ರು. ಸಂಬಳ 100, ಸಾಲದ ಕಂತು 40, ಕೈಲಿ ಉಳಿಯೋದು 60 ಅಂತ ಇಟ್ಕೊಳ್ಳಿ. ಸಂಬಳ ಶೇ. 10 ಇಳಿದು 90 ಆಯ್ತು, ಕಂತು 40 ಹಾಗೇ ಇದೆ, ಉಳಿಯೋದು 50. ಸಂಬಳ ಹತ್ತರಲ್ಲಿ ಒಂದು ಪಾಲು ಇಳಿದ್ರೆ ಖರ್ಚು ಆರರಲ್ಲಿ ಒಂದು ಪಾಲು ಇಳೀತು. ಬೆಲೆನೂ ಶೇ. 10 ಇಳಿದಿದೆ ಅಂದ್ರೂ ಆ 50ಕ್ಕೆ ಮುಂಚಿನಷ್ಟು ಸಾಮಾನು ಬರಲ್ಲ. ಆ ವ್ಯತ್ಯಾಸ ಸಾಲ ಕೊಟ್ಟವನ ಜೇಬಿಗೆ ಹೋಯ್ತು ನಿಜ, ಆದ್ರೆ ಅವನು ಅದನ್ನೆಲ್ಲ ಖರ್ಚು ಮಾಡಲ್ಲ. ಬೇಡಿಕೆ ಇನ್ನೂ ಬೀಳುತ್ತೆ, ಆಗ ಸಂಬಳ ಮತ್ತೆ ಇಳೀಬೇಕು. ಅಂದ್ರೆ ಸಾಲ ಹೆಚ್ಚಿರೋ ಸಮಾಜದಲ್ಲಿ ಸಂಬಳ ಸಲೀಸಾಗಿ ಜಗ್ಗೋದೇ ಕುಸಿತವನ್ನ ಆಳ ಮಾಡಬಹುದು.

ಗಟ್ಟಿಕಾಳು
ಹಾಗಾದ್ರೆ 1921ರಲ್ಲಿ ಅಮೆರಿಕದಲ್ಲಿ ಸಾಲಗಾರರೇ ಇರ್ಲಿಲ್ವಾ ಸರ್? ರೈತರು ಸಾಲದಲ್ಲಿ ಮುಳುಗಿದ್ರು, ಆದ್ರೂ ಒಟ್ಟು ಆರ್ಥಿಕತೆ ಎದ್ದು ನಿಂತಿತು.

ಹಳೆಲೆಕ್ಕ
ನಿಂತಿತು, ರೈತರು ಮಾತ್ರ ಆ ದಶಕ ಪೂರ್ತಿ ಏಳಲಿಲ್ಲ. ಆಗ ಬೆಲೆ ಒಂದೇ ಸಲ ಬಿದ್ದು ನಿಂತಿತು, ಇನ್ನೂ ಬೀಳುತ್ತೆ ಅಂತ ಜನ ಕಾಯ್ತಾ ಕೂರೋ ಪರಿಸ್ಥಿತಿ ಬರ್ಲಿಲ್ಲ. 1929ರ ನಂತರ ವರ್ಷಗಟ್ಟಲೆ ಬಿತ್ತು. ಆ ವ್ಯತ್ಯಾಸವೇ ಎಲ್ಲಾನೂ ವಿವರಿಸುತ್ತೆ ಅಂತ ನಾನು ಹೇಳಲ್ಲ, ನಿಮ್ಮ ಪ್ರಶ್ನೆಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ.

ಮುಂಜಾನೆಮಂಜು
ಒಂದೇ ಒಂದು ಕೊನೇ ಪ್ರಶ್ನೆ ಸರ್. ಸಮಸ್ಯೆ ಪಕ್ಕದವರನ್ನ ನೋಡೋದ್ರಿಂದ ಬರುತ್ತೆ ಅಂತಾದ್ರೆ, ಎಲ್ಲರ ಸಂಬಳಾನೂ ಒಂದೇ ದಿನ ಇಳಿಸೋ ದಾರಿ ಇಲ್ವಾ? ಆಗ ಯಾರೂ ನಾನೊಬ್ನೇ ಯಾಕೆ ಅನ್ನಲ್ಲ.

ಹಳೆಲೆಕ್ಕ
ಇದೆ, ಬ್ರಿಟನ್ ಕಥೆಗೆ ಬರ್ತೀನಿ ಅಂದಿದ್ದು ಇದಕ್ಕೇ. 1925ರ ಏಪ್ರಿಲ್‌ನಲ್ಲಿ ಹಣಕಾಸು ಸಚಿವ ಚರ್ಚಿಲ್ ಪೌಂಡನ್ನ ಯುದ್ಧಕ್ಕೆ ಮುಂಚಿನ ದರಕ್ಕೆ, ಅಂದ್ರೆ 4.86 ಡಾಲರ್‌ಗೆ ಚಿನ್ನಕ್ಕೆ ಕಟ್ಟಿದ್ರು, ಪೌಂಡಿನ ಬೆಲೆ ಚಿನ್ನದ ಲೆಕ್ಕದಲ್ಲಿ ಅಲುಗಾಡದ ಹಾಗೆ ನಿಗದಿ ಆಯ್ತು. ಅದು ಸುಮಾರು ಶೇ. 10 ಹೆಚ್ಚಾಯ್ತು ಅಂತ ಕೇನ್ಸ್ ಆಗಲೇ ಬರೆದ್ರು, ಅಂದ್ರೆ ಬ್ರಿಟನ್ನಿನ ಮಾಲು ಹೊರಗೆ ಮಾರಾಟ ಆಗಬೇಕಾದ್ರೆ ಅಲ್ಲಿನ ಕೂಲಿ ಬೆಲೆ ಎಲ್ಲಾ ಅಷ್ಟು ಇಳೀಬೇಕು. ಯಾರು ಮೊದಲು? ರಫ್ತಿಗೆ ಮಾರೋ ಕಲ್ಲಿದ್ದಲು ಗಣಿಯವರ ಕತ್ತಿಗೇ ಮೊದಲು ಬಂತು. ಗಣಿ ಮಾಲೀಕರು ಕೂಲಿ ಇಳಿಸ್ತೀವಿ ಅಂದ್ರು, ಸರ್ಕಾರ ಒಂಬತ್ತು ತಿಂಗಳು ಸಬ್ಸಿಡಿ ಕೊಟ್ಟು ಮುಂದೂಡಿತು. 1926ರ ಮೇ ಶುರುವಲ್ಲಿ ಸಬ್ಸಿಡಿ ನಿಂತು ಗಣಿಗಳಿಗೆ ಬೀಗ ಬಿತ್ತು, ಮೇ 3ರಿಂದ 12ರವರೆಗೆ ದೇಶವ್ಯಾಪಿ ಮುಷ್ಕರ ಆಯ್ತು. ಉಳಿದವರು ವಾಪಸ್ ಹೋದ್ರು, ಗಣಿಯವರು ಮಾತ್ರ ಚಳಿಗಾಲದ ಹೊತ್ತಿಗೆ ಹಸಿವು ತಡೆಯೋಕಾಗದೆ ಕಮ್ಮಿ ಕೂಲಿ, ಹೆಚ್ಚು ಗಂಟೆಗೆ ಒಪ್ಪಿ ಒಳಗೆ ಹೋದ್ರು. ಬೇರೆ ಕಸುಬಿನವರ ಕೂಲಿ ಹೆಚ್ಚೇನೂ ಇಳೀಲಿಲ್ಲ. ನೀವು ಮಾಡಿದ ಲೆಕ್ಕದ ಮೊದಲನೇ ಗುಂಪು ಅವರೇ.

ನೀವು ಕೇಳಿದ ದಾರಿ ಬಂದಿದ್ದು 1931ರ ಸೆಪ್ಟೆಂಬರ್ 21ರಂದು. ಅವತ್ತು ಬ್ರಿಟನ್ ಚಿನ್ನದ ಕಟ್ಟು ಬಿಚ್ಚಿತು, ಡಿಸೆಂಬರ್ ಹೊತ್ತಿಗೆ ಪೌಂಡು 3.40 ಡಾಲರ್ ಆಸುಪಾಸಿಗೆ ಬಂದಿತ್ತು. ಇದರಿಂದ ಒಬ್ಬ ಕೂಲಿಕಾರನ ಪಗಾರದ ಲಕೋಟೆಯಲ್ಲೂ ಒಂದು ಪೆನ್ನಿ ಕಮ್ಮಿ ಆಗ್ಲಿಲ್ಲ, ಆದ್ರೆ ಡಾಲರ್ ಲೆಕ್ಕದಲ್ಲಿ ಎಲ್ಲರ ಕೂಲಿನೂ ಒಟ್ಟಿಗೆ ಇಳೀತು. ಸಾಲದ ಕಂತಿಗೂ ತೊಂದರೆ ಆಗ್ಲಿಲ್ಲ. ಬಡ್ಡಿ ಇಳಿಸೋಕೂ ದಾರಿ ತೆರೀತು. ಆಮೇಲೆ ಐಕೆನ್‌ಗ್ರೀನ್ ಮತ್ತು ಸ್ಯಾಕ್ಸ್ 1985ರಲ್ಲಿ ಯುರೋಪಿನ ಹತ್ತು ದೇಶಗಳನ್ನ ಹೋಲಿಸಿ, ಚಿನ್ನದ ಕಟ್ಟು ಬೇಗ ಬಿಟ್ಟವರು ಬೇಗ ಚೇತರಿಸಿದ್ರು ಅಂತ ತೋರಿಸಿದ್ರು.

ಗಟ್ಟಿಕಾಳು
ಇದು ನನ್ನ ಕಡೆಗೂ ಸಾಕ್ಷಿ ಆಗುತ್ತೆ ಸರ್. ಕೂಲಿ ನಿಜವಾದ ಬೆಲೆಯಲ್ಲಿ ಇಳಿದ ಮೇಲೇ ಚೇತರಿಕೆ ಬಂದಿದ್ದು. ಇನ್ನು ಎಲ್ಲಾ ದೇಶನೂ ಒಂದೇ ಸಲ ತಮ್ಮ ಹಣದ ಬೆಲೆ ಇಳಿಸಿದ್ರೆ ಯಾರ ಮಾಲು ಯಾರಿಗೆ ಅಗ್ಗ ಆಗುತ್ತೆ?

ಹಳೆಲೆಕ್ಕ
ರಫ್ತಿನ ಲಾಭ ಆಗ ಯಾರಿಗೂ ಸಿಗಲ್ಲ, ಅದು ಸರಿ. ಚಿನ್ನದ ಲಗಾಮು ಹೋಗಿ ಎಲ್ಲರೂ ಬಡ್ಡಿ ಇಳಿಸಬಹುದಲ್ಲ, ನಾನು ಅದಕ್ಕೇ ಹೆಚ್ಚು ತೂಕ ಕೊಡೋದು. ಕೂಲಿ ಇಳಿದಿದ್ದಕ್ಕೆ ಎಷ್ಟು, ಹಣ ಸಡಿಲ ಆಗಿದ್ದಕ್ಕೆ ಎಷ್ಟು ಅಂತ ಪಾಲು ಮಾಡೋದ್ರಲ್ಲಿ ನೀವೂ ನಾನೂ ಇವತ್ತು ಒಪ್ಪಲ್ಲ. ಆ ಹತ್ತು ದೇಶಗಳ ನಕ್ಷೆ ಸಿಕ್ಕಿದ್ರೆ ಇಬ್ರೂ ಒಟ್ಟಿಗೆ ನೋಡೋಣ, ಅದರಲ್ಲಿ ಕಾರ್ಖಾನೆ ಉತ್ಪಾದನೆ ಒಂದು ಕಡೆ, ಕೂಲಿಯ ನಿಜಬೆಲೆ ಇನ್ನೊಂದು ಕಡೆ ಹಾಕಿದಾರೆ.

ಎರಡನೇಪಾಳಿ
ಗಣಿಯವರು ಅಷ್ಟು ತಿಂಗಳು ಹೇಗೆ ತಡ್ಕೊಂಡ್ರು, ಮನೆ ಹೇಗೆ ನಡೀತಿತ್ತು ಅಂತ ಗೊತ್ತಿದ್ರೆ ಯಾರಾದ್ರೂ ಬರೀರಿ. ನನಗೆ ಅದನ್ನ ಓದಬೇಕು.